ಪ್ರಿನ್ಸಿಪಾಲರು ‘ಯೋಚಿಸೋಣ’ ಅಂದ ಪತ್ರವನ್ನು ಮತ್ತೆ ಬರೆಯುವುದು ಹೇಗೆ?

ಪ್ರಶ್ನೆ: ಮೇಡಂ, ನಾನು 9ನೇ ತರಗತಿ, ನಮ್ಮ ಶಾಲೆಯ ಇಕೋ ಕ್ಲಬ್ ಕಾರ್ಯದರ್ಶಿ. ಹಬ್ಬಕ್ಕೆ ತರಗತಿಗಳ ನಡುವೆ ಪರಿಸರಸ್ನೇಹಿ ಅಲಂಕಾರದ ಸ್ಪರ್ಧೆ ಇಡೋಣ ಅಂತ ಪ್ರಿನ್ಸಿಪಾಲರಿಗೆ ಎರಡು ಪುಟದ ಪತ್ರ ಬರೆದೆ. ಪ್ಲಾಸ್ಟಿಕ್‌ನ ಹಾನಿ, ಭೂಮಿ ಬಿಸಿಯಾಗ್ತಿರೋದು ಎಲ್ಲಾ ಬರೆದಿದ್ದೆ. ಅವರು ಓದಿ ‘ಚೆನ್ನಾಗಿದೆ, ಯೋಚಿಸೋಣ’ ಅಂದ್ರು, ಅಷ್ಟೇ. ಪತ್ರದಲ್ಲಿ ಏನು ಕಮ್ಮಿ ಆಯ್ತು? ಮತ್ತೆ ಬರೆಯೋದಾದ್ರೆ ಹೇಗೆ ಬರೀಲಿ?

ಉತ್ತರ: ‘ಯೋಚಿಸೋಣ’ ಅಂದರೆ ಬೇಡ ಅಂತ ಅಲ್ಲ. ಪತ್ರ ಓದಿ ಮುಗಿಸಿದ ಮೇಲೂ ತಾವು ಯಾವುದಕ್ಕೆ ಒಪ್ಪಿಗೆ ಕೊಡಬೇಕು ಅನ್ನೋದು ಅವರಿಗೆ ಗೊತ್ತಾಗಲಿಲ್ಲ ಅಂತ. ಪ್ಲಾಸ್ಟಿಕ್ ಕೆಟ್ಟದ್ದು ಅಂತ ಪ್ರಿನ್ಸಿಪಾಲರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಪತ್ರ ಕೈಗೆ ಬಂದಾಗ ಅವರ ತಲೆಯಲ್ಲಿ ಓಡುವುದೇ ಬೇರೆ. ಎಷ್ಟು ಪಿರಿಯಡ್ ಹೋಗುತ್ತೆ? ಟೇಪ್ ಕೀಳುವಾಗ ಗೋಡೆಯ ಬಣ್ಣ ಕಿತ್ತು ಬರುತ್ತಾ? ಯಾರಾದರೂ ಡೆಸ್ಕ್ ಮೇಲೆ ಹತ್ತಿ ಬಿದ್ದರೆ? ಮಾರನೇ ದಿನ ಗುಡಿಸುವವರು ಯಾರು? ಸೋತ ತರಗತಿಯ ಪೋಷಕರು ಫೋನ್ ಮಾಡಿದರೆ ಏನು ಹೇಳುವುದು? ನಾನು ಮುಖ್ಯೋಪಾಧ್ಯಾಯಿನಿ ಆಗಿದ್ದಷ್ಟು ಕಾಲವೂ ಇಂಥ ಪತ್ರವನ್ನು ಈ ಪ್ರಶ್ನೆಗಳನ್ನು ಇಟ್ಟುಕೊಂಡೇ ಓದುತ್ತಿದ್ದೆ. ಉತ್ತರ ಪತ್ರದಲ್ಲೇ ಇದ್ದರೆ ಅಲ್ಲೇ ಸಹಿ ಹಾಕುತ್ತಿದ್ದೆ. ಇಲ್ಲದಿದ್ದರೆ ನಾನೂ ‘ಯೋಚಿಸೋಣ’ ಅನ್ನುತ್ತಿದ್ದೆ.

ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ‘ಪರಿಸರಸ್ನೇಹಿ ಸ್ಪರ್ಧೆ’ ಅಂತ ಬರೆದುಬಿಟ್ಟರೆ ಸಾಲದು. ಯಾವ ತರಗತಿ ಹೆಚ್ಚು ಪರಿಸರಸ್ನೇಹಿ ಅನ್ನೋದನ್ನ ಅಳೆಯುವುದು ಹೇಗೆ ಅಂತ ಪತ್ರ ಹೇಳಬೇಕು. ಅಳತೆ ಇಲ್ಲದಿದ್ದರೆ ತೀರ್ಪುಗಾರರು ಬಂದು ನೋಡಿ, ಯಾವುದು ಚಂದ ಕಾಣುತ್ತೋ ಅದಕ್ಕೆ ಬಹುಮಾನ ಕೊಟ್ಟು ಹೋಗುತ್ತಾರೆ. ಚಂದ ಕಾಣಬೇಕು ಅಂದಾಗ ಮಕ್ಕಳು ಅಂಗಡಿಗೆ ಓಡುತ್ತಾರೆ. ಕಂದು ಬಣ್ಣದ ಹೊಸ ಕಾಗದ, ಸೆಣಬಿನ ಹೊಸ ದಾರ, ‘ಇಕೋ’ ಅಂತ ಮುದ್ರಿಸಿದ ಹೊಸ ಪ್ಯಾಕೆಟ್ಟು. ಸ್ಪರ್ಧೆ ಇಲ್ಲದಿದ್ದರೆ ಇದ್ಯಾವುದನ್ನೂ ಅವರು ಕೊಳ್ಳುತ್ತಿರಲಿಲ್ಲ ಅಲ್ವಾ? ಹಾಗಾದಾಗ ನಿಮ್ಮ ಸ್ಪರ್ಧೆಯಿಂದಲೇ ಕಸ ಜಾಸ್ತಿಯಾಗುತ್ತೆ.

ಅದಕ್ಕೆ ನಾನು ಹೇಳುವ ದಾರಿ ಇಷ್ಟು: ಅಲಂಕಾರವನ್ನು ಎರಡು ಸಲ ನೋಡಿ. ಕಟ್ಟಿದ ದಿನ ಒಂದು ಸಲ, ಬಿಚ್ಚಿದ ದಿನ ಇನ್ನೊಂದು ಸಲ. ಬಿಚ್ಚಿದ ಮೇಲೆ ಎಷ್ಟು ಕಸ ಉಳಿಯಿತು ಅನ್ನೋದಕ್ಕೂ ಅಂಕ ಇರಲಿ. ಈ ಒಂದು ನಿಯಮ ಪತ್ರದಲ್ಲಿದ್ದರೆ ಉಳಿದ ಎಷ್ಟೋ ನಿಯಮಗಳನ್ನು ಬರೆಯುವ ಕೆಲಸವೇ ತಪ್ಪುತ್ತೆ. ಬಿಚ್ಚುವ ದಿನದ ಲೆಕ್ಕ ಗೊತ್ತಿದ್ದ ಮಕ್ಕಳು ಕಟ್ಟುವಾಗಲೇ ಅಂಟಿನ ಬದಲು ದಾರ ಹುಡುಕುತ್ತಾರೆ.

ಕಸವನ್ನು ಅಳೆಯೋದು ಹೇಗೆ? ಎಲ್ಲರಿಗೂ ಮೊದಲು ಹೊಳೆಯೋದು ತಕ್ಕಡಿ. ಆದರೆ ತೂಕ ಇಲ್ಲಿ ಮೋಸ ಮಾಡುತ್ತೆ. ಥರ್ಮಾಕೋಲ್ ಬಹುಪಾಲು ಗಾಳಿ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ದಪ್ಪದ ಹಾಳೆ ಸುಮಾರು 200 ಗ್ರಾಂ ತೂಗಬಹುದು, ಅಷ್ಟೇ. ಬಲೂನು, ಹೊಳೆಯುವ ಕಾಗದ, ಮಿನುಗು ಪುಡಿ ಇವೂ ತಕ್ಕಡಿಯಲ್ಲಿ ಏನೂ ಅಲ್ಲ. ಒಂದು ದಪ್ಪ ರಟ್ಟಿನ ಡಬ್ಬ ಇವೆಲ್ಲಕ್ಕಿಂತ ಭಾರ. ತೂಕ ನೋಡಿ ಅಂಕ ಕೊಟ್ಟರೆ ಥರ್ಮಾಕೋಲ್ ತಂದ ತರಗತಿ ಗೆದ್ದು, ಹಳೇ ರಟ್ಟು ಬಳಸಿದ ತರಗತಿ ಸೋಲುತ್ತೆ.

ಹಾಗಾಗಿ ಬಕೆಟ್‌ನಿಂದ ಅಳೆಯಿರಿ. 10 ಲೀಟರ್‌ನ ಒಂದೇ ಬಕೆಟ್ ಎಲ್ಲ ತರಗತಿಗೂ. ಒಳಗೆ ಮಾರ್ಕರ್‌ನಲ್ಲಿ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಎಳೆದುಬಿಡಿ. ಬಿಚ್ಚಿದ್ದನ್ನೆಲ್ಲ ಮೂರು ಗುಡ್ಡೆ ಮಾಡಬೇಕು. ಮನೆಗೋ ಶಾಲೆಯ ಬೀರುವಿಗೋ ಹಿಂತಿರುಗಿ ಹೋಗುವುದು ‘ವಾಪಸ್’. ರದ್ದಿಗೆ ಅಥವಾ ಗೊಬ್ಬರದ ಗುಂಡಿಗೆ ನಿಜವಾಗಿ ಹೋಗಬಲ್ಲದ್ದು ‘ಮರುಬಳಕೆ’. ಎಲ್ಲಿಗೂ ಹೋಗದ್ದು ‘ಕಸ’. ಬಕೆಟ್‌ಗೆ ಬೀಳೋದು ಕಸದ ಗುಡ್ಡೆ ಮಾತ್ರ. ಬಕೆಟ್ ತುಂಬುವವರು ಎಲ್ಲ ತರಗತಿಗೂ ಒಬ್ಬರೇ ಆಗಿರಲಿ. ಇಲ್ಲದಿದ್ದರೆ ಒಂದು ತರಗತಿ ಮೆತ್ತಗೆ ಹಾಕುತ್ತೆ, ಇನ್ನೊಂದು ತರಗತಿ ಕಾಲಲ್ಲಿ ತುಳಿದು ತುಂಬುತ್ತೆ. ಇದೇ ಜಗಳಕ್ಕೆ ಕಾರಣವಾಗೋದು, ನೋಡುತ್ತಿರು.

ಆ ಒಬ್ಬರು ಯಾರು ಅಂದರೆ, ದಿನಾ ತರಗತಿ ಗುಡಿಸುವ ಸಿಬ್ಬಂದಿ. ತೀರ್ಪುಗಾರರಲ್ಲಿ ಒಬ್ಬರಾಗಿ ಅವರನ್ನು ಕೇಳಿಕೊಳ್ಳಿ. ಸುಮ್ನೆ ಗೌರವಕ್ಕಲ್ಲ. ಯಾವುದು ರದ್ದಿಗೆ ಹೋಗುತ್ತೆ, ಯಾವುದನ್ನು ರದ್ದಿಯವರು ವಾಪಸ್ ಎಸೆಯುತ್ತಾರೆ ಅನ್ನೋದು ಶಾಲೆಯಲ್ಲಿ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಅವರ ಜೊತೆ ಮೊದಲೇ ಮಾತಾಡಿ, ಒಪ್ಪಿದ್ದಾರೆ ಅಂತ ಪತ್ರದಲ್ಲಿ ಬರೆದರೆ ಪ್ರಿನ್ಸಿಪಾಲರ ಒಂದು ಚಿಂತೆ ಅಲ್ಲಿಗೇ ಮುಗಿಯಿತು.

ಬಕೆಟ್‌ಗೂ ಸಿಗದ ಒಂದು ವಸ್ತು ಇದೆ, ಗ್ಲಿಟರ್. ಸಾಮಾನ್ಯವಾಗಿ ಸಿಗುವ ಗ್ಲಿಟರ್ ಅಂದರೆ ಲೋಹದ ತೆಳು ಲೇಪ ಇರುವ ಪ್ಲಾಸ್ಟಿಕ್ ಹಾಳೆಯನ್ನು ಪುಡಿಯಾಗಿ ಕತ್ತರಿಸಿದ್ದು. ನೆಲದ ಸಂದಿಗೆ ಸೇರಿದರೆ ಗುಡಿಸಿದರೂ ಬರೋಲ್ಲ, ಒರೆಸಿದರೆ ನೀರಿನ ಜೊತೆ ಚರಂಡಿಗೆ ಹೋಗುತ್ತೆ. ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರ್‌ನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟವನ್ನೇ ತಡೆದಿದೆ. ಇಂಥದ್ದನ್ನು ಅಂಕದಲ್ಲಿ ಶಿಕ್ಷಿಸೋಕೆ ಹೋಗಬೇಡಿ, ಬಾಗಿಲಲ್ಲೇ ತಡೆಯಿರಿ. ನನ್ನ ಪ್ರಕಾರ ನಿಷೇಧದ ಪಟ್ಟಿ ಚಿಕ್ಕದಿರಬೇಕು: ಗ್ಲಿಟರ್, ಥರ್ಮಾಕೋಲ್, ಬಲೂನು, ಪ್ಲಾಸ್ಟಿಕ್ ಹೂವು, ಫ್ಲೆಕ್ಸ್ ಬ್ಯಾನರ್. ಉದ್ದ ಪಟ್ಟಿ ಕೊಟ್ಟರೆ ಯಾರೂ ಓದೋಲ್ಲ.

ಪಟ್ಟಿಯಲ್ಲಿ ಇಲ್ಲದೆ ನುಸುಳಿ ಬರುವ ಎರಡು ವಸ್ತುಗಳನ್ನು ಗುರುತಿಸೋದು ನಿಮ್ಮ ಕ್ಲಬ್‌ನವರಿಗೆ ಗೊತ್ತಿರಲಿ. ಒಂದು, ಕಾಗದದ ಹಾಗೆ ಕಾಣುವ ಹೊಳೆಯುವ ಹಾಳೆ. ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಸುಕಿ, ಕೈ ಬಿಡಿಸಿ ನೋಡು. ಮುದುಡಿದ್ದು ಮುದುಡಿದ ಹಾಗೇ ಇದ್ದರೆ ಕಾಗದ. ಸರಸರ ಸದ್ದು ಮಾಡುತ್ತಾ ಮೆಲ್ಲಗೆ ಬಿಚ್ಚಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಪದರ ಇದೆ, ಮರುಬಳಕೆಯ ಗುಡ್ಡೆಗೆ ಹೋಗೋಲ್ಲ. ಇನ್ನೊಂದು, ಬಟ್ಟೆಯ ಹಾಗೆ ಕಾಣುವ ಕೈಚೀಲ. ಮೇಲೆಲ್ಲ ಒತ್ತಿದಂಥ ಚುಕ್ಕಿ ಚುಕ್ಕಿ ಗುರುತು ಇರುತ್ತೆ. ಕತ್ತರಿಸಿದ ಅಂಚಿನಿಂದ ಒಂದು ನೂಲು ಎಳೆಯೋಕೆ ನೋಡು. ನೂಲೇ ಬರೋಲ್ಲ, ಯಾಕಂದ್ರೆ ಅದು ನೇಯ್ದದ್ದಲ್ಲ. ಪ್ಲಾಸ್ಟಿಕ್ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಕೂರಿಸಿದ್ದು. ‘ನಾವು ಬಟ್ಟೆ ಬಳಸಿದ್ದೀವಿ’ ಅಂತ ಮಕ್ಕಳು ನಂಬಿಕೊಂಡೇ ಇದನ್ನು ತರುತ್ತಾರೆ. ಬೈಯಬೇಡಿ, ತೋರಿಸಿಕೊಡಿ.

ಎಲೆ, ಹೂವು ನೈಸರ್ಗಿಕ, ಅದಕ್ಕೇ ಒಳ್ಳೆಯದು ಅಂತ ಸುಮ್ಮನೆ ಬಿಡುವ ಹಾಗೂ ಇಲ್ಲ. ಎಂಟು ತರಗತಿಯ ಮಕ್ಕಳು ಒಂದೇ ದಿನ ಎಲೆಗೆ ಹೊರಟರೆ ಶಾಲೆಯ ಕೈತೋಟ ಬೋಳಾಗುತ್ತೆ. ಉದುರಿದ್ದು ಮಾತ್ರ ಅಂತ ನಿಯಮ ಇರಲಿ. ಉದುರಿದ ಎಲೆಯನ್ನು ಒರೆಸಿ, ಹಳೇ ಪೇಪರ್ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಂದು ವಾರ ಬಿಟ್ಟರೆ ಚಪ್ಪಟೆಯಾಗಿ ಒಣಗುತ್ತೆ, ಮುರುಟೋಲ್ಲ. ಅದಕ್ಕೆ ಒಂದು ವಾರ ಬೇಕು ಅನ್ನೋದನ್ನ ದಿನಾಂಕ ಹಾಕುವಾಗ ನೆನಪಿಡು.

ಇನ್ನು ಜಾಗ. ಇಡೀ ತರಗತಿ ಅಲಂಕರಿಸಿ ಅಂದರೆ ಕೆಟ್ಟಿತು. ದೊಡ್ಡ ಕೋಣೆಯವರಿಗೂ ಚಿಕ್ಕ ಕೋಣೆಯವರಿಗೂ ಹೋಲಿಕೆ ಆಗೋಲ್ಲ, ಸಾಮಾನು ಹೆಚ್ಚಾಗುತ್ತೆ, ಫ್ಯಾನಿನವರೆಗೂ ಹತ್ತುವ ಹುಮ್ಮಸ್ಸು ಬರುತ್ತೆ. ಎಲ್ಲರಿಗೂ ಒಂದೇ ಅಳತೆಯ ಜಾಗ ಕೊಡಿ. 6 ಅಡಿ ಉದ್ದ, 4 ಅಡಿ ಎತ್ತರದ ಒಂದು ಗೋಡೆಯ ತುಂಡು ಸಾಕು. ಬಾಗಿಲು, ಕಿಟಕಿ, ಸ್ವಿಚ್, ಬೆಂಕಿ ಆರಿಸುವ ಉಪಕರಣ ಇವುಗಳಿಂದ ದೂರ ಇರುವ ತುಂಡು. ಕಾಗದ, ಒಣ ಎಲೆ, ಬಟ್ಟೆ ಎಲ್ಲವೂ ಉರಿಯುವ ವಸ್ತುಗಳೇ. ಪರಿಸರಸ್ನೇಹಿ ಅಲಂಕಾರ ಪ್ಲಾಸ್ಟಿಕ್ ಅಲಂಕಾರಕ್ಕಿಂತ ಬೆಂಕಿಯ ವಿಷಯದಲ್ಲಿ ಸುರಕ್ಷಿತ ಅಂತೇನೂ ಇಲ್ಲ. ಅಮೆರಿಕದಲ್ಲಿ ಕಟ್ಟಡಗಳ ಅಗ್ನಿ ಸುರಕ್ಷತೆಗೆ ಬಳಸುವ ಎನ್‌ಎಫ್‌ಪಿಎ 101 ಎಂಬ ನಿಯಮಾವಳಿಯಲ್ಲಿ, ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮ್ಮುವ ವ್ಯವಸ್ಥೆ ಇಲ್ಲದ ಶಾಲಾ ಕೋಣೆಗಳಲ್ಲಿ ಗೋಡೆಗೆ ನೇರವಾಗಿ ಅಂಟಿಸುವ ಮಕ್ಕಳ ಚಿತ್ರ, ಕಾಗದ ಇತ್ಯಾದಿ ಗೋಡೆಯ 20 ಶೇಕಡಾ ಮೀರಬಾರದು ಅಂತ ಇದೆ. 24 ಚದರ ಅಡಿ ಅಂದರೆ ಸಾಮಾನ್ಯ ತರಗತಿ ಕೋಣೆಯಲ್ಲಿ ಈ ಮಿತಿಯ ಒಳಗೇ ಉಳಿಯುತ್ತೆ. ದೀಪ, ವಿದ್ಯುತ್ ಸರ, ಮೇಣದ ಬತ್ತಿ ಯಾವುದೂ ಬೇಡ.

ಎತ್ತರಕ್ಕೆ ಒಂದೇ ನಿಯಮ ಸಾಕು: ನೆಲದ ಮೇಲೆ ನಿಂತು ಕೈಗೆ ಎಟುಕಿದಷ್ಟು. ಬೆಂಚ್ ಹತ್ತಬಾರದು, ಏಣಿ ತರಬಾರದು ಅಂತ ಬೇರೆ ಬೇರೆ ಬರೆಯೋದೇ ಬೇಡ. ಗೋಡೆಯ ಬಣ್ಣದ ವಿಷಯಕ್ಕೆ, ಈಗಾಗಲೇ ಇರುವ ಎರಡು ಮೊಳೆಗಳ ನಡುವೆ ದಾರ ಎಳೆದು ಕಟ್ಟಿ ಅದಕ್ಕೇ ಎಲ್ಲವನ್ನೂ ತೂಗುಬಿಡುವುದು ಒಳ್ಳೆಯ ಉಪಾಯ. ಮೊಳೆ ಇಲ್ಲದ ಕಡೆ ಮಾಸ್ಕಿಂಗ್ ಟೇಪ್. ಅದನ್ನೂ ಮೊದಲು ಮೂಲೆಯಲ್ಲಿ ಒಂದು ತುಂಡು ಅಂಟಿಸಿ, ಒಂದು ದಿನ ಬಿಟ್ಟು ಕಿತ್ತು ನೋಡಿ. ಬಣ್ಣ ಬಂದರೆ ಆ ಗೋಡೆ ಬಿಟ್ಟುಬಿಡಿ. ದಿನ ಕಳೆದಷ್ಟೂ ಟೇಪ್ ಗೋಡೆಗೆ ಹಿಡಿಯುತ್ತೆ, ಅದಕ್ಕೇ ಮೂರನೇ ದಿನವೇ ಬಿಚ್ಚಿಬಿಡುವುದು ಒಳ್ಳೆಯದು.

ಅಂಕಗಳನ್ನು ಹಂಚುವ ರೀತಿ ಹೇಳಿಬಿಡುತ್ತೇನೆ. ಅಂದಕ್ಕೆ 40, ವಸ್ತುವಿಗೆ 30, ಬಿಚ್ಚಿದ ಮೇಲೆ 30. ಅಂದಕ್ಕೆ ಇನ್ನೂ ಕಮ್ಮಿ ಕೊಡೋಣ ಅಂತ ಅನಿಸಬಹುದು, ಬೇಡ. ಚಂದ ಇಲ್ಲದ ಸ್ಪರ್ಧೆಗೆ ಮುಂದಿನ ವರ್ಷ ಯಾರೂ ಬರೋಲ್ಲ. ವಸ್ತುವಿನಲ್ಲಿ ಎಲ್ಲರಿಗೂ 30ರಿಂದ ಶುರು. ಹೊಸದಾಗಿ ಕೊಳ್ಳಬಹುದಾದ್ದು ಮೂರೇ ಬಗೆಯ ವಸ್ತು, ಉದಾಹರಣೆಗೆ ದಾರ, ಅಂಟು, ಒಂದು ಡಬ್ಬಿ ಬಣ್ಣ. ನಾಲ್ಕನೆಯದರಿಂದ ಒಂದೊಂದಕ್ಕೆ 5 ಅಂಕ ಕಳೆ. ಹಣದ ಮಿತಿ ಹಾಕಬೇಡಿ. ಯಾರ ಅಪ್ಪ ಎಷ್ಟು ಖರ್ಚು ಮಾಡಿದರು ಅಂತ ತನಿಖೆ ಮಾಡೋಕಾಗುತ್ತಾ? ವಸ್ತುಗಳನ್ನಾದರೆ ಎದುರಿಗೇ ಎಣಿಸಬಹುದು. ಮೂರನೇ ಭಾಗದಲ್ಲಿ ಕಸದ ಪ್ರತಿ ಕಾಲು ಬಕೆಟ್‌ಗೆ 5 ಅಂಕ ಕಳೆ. ಒಂದೂವರೆ ಬಕೆಟ್ ಆದರೆ ಸೊನ್ನೆ.

ಒಂದು ಲೆಕ್ಕ ಮಾಡಿ ನೋಡೋಣ. 8ಎ ತರಗತಿಯವರು ಹಳೇ ಪತ್ರಿಕೆಯಿಂದ ದೊಡ್ಡ ದೊಡ್ಡ ಹೂವು ಮಾಡಿ, ರಟ್ಟಿನ ಮೇಲೆ ಸೆಲ್ಲೋಟೇಪ್‌ನಿಂದ ಕೂರಿಸಿದರು ಅಂದುಕೋ. ನೋಡೋಕೆ ತುಂಬಾ ಚಂದ, 40ಕ್ಕೆ 34. ಹೊಸದಾಗಿ ನಾಲ್ಕು ಬಗೆ ವಸ್ತು ಕೊಂಡಿದ್ದರು, ಹಾಗಾಗಿ ವಸ್ತುವಿಗೆ 25. ಬಿಚ್ಚುವ ದಿನ ಫಜೀತಿ. ಟೇಪ್ ಕಾಗದದಿಂದ ಬರಲಿಲ್ಲ, ಕಾಗದ ರಟ್ಟಿನಿಂದ ಬರಲಿಲ್ಲ. ಸಾಮಾನ್ಯ ಸೆಲ್ಲೋಟೇಪ್ ಪ್ಲಾಸ್ಟಿಕ್ಕೇ. ಟೇಪ್ ಮೆತ್ತಿಕೊಂಡ ಕಾಗದ ಕಸದ ಗುಡ್ಡೆಗೆ ಹೋಯಿತು. ಒಂದೂಕಾಲು ಬಕೆಟ್ ಆಯಿತು, ಅಂದರೆ ಐದು ಕಾಲು, 25 ಅಂಕ ಹೋಯಿತು, ಉಳಿದದ್ದು 5. ಒಟ್ಟು 64. ಪಕ್ಕದ 8ಬಿ ತರಗತಿಯವರು ಮನೆಯ ಹಳೇ ಬಟ್ಟೆ ತುಂಡು, ಒಣಗಿಸಿದ ಎಲೆಗಳನ್ನು ದಾರಕ್ಕೆ ಪೋಣಿಸಿ ತೋರಣ ಮಾಡಿದರು. ಅಂದಕ್ಕೆ 27, ವಸ್ತುವಿಗೆ 30. ಕಸ ಅರ್ಧ ಬಕೆಟ್, 20 ಅಂಕ. ಒಟ್ಟು 77. ಅಂದ ಮಾತ್ರ ನೋಡಿದ್ದರೆ 8ಎ ಗೆಲ್ಲುತ್ತಿತ್ತು. ಅದೇ ಹೂವುಗಳನ್ನು 8ಎ ಟೇಪ್ ಬದಲು ದಾರದಲ್ಲಿ ಹೊಲಿದಿದ್ದರೆ ಕಸ ಕಾಲು ಬಕೆಟ್ಟೂ ದಾಟುತ್ತಿರಲಿಲ್ಲ. ಆಗ ಮೂರನೇ ಭಾಗದಲ್ಲಿ 25, ಒಟ್ಟು 84, ಗೆಲುವು ಅವರದ್ದೇ. ಈ ಲೆಕ್ಕವನ್ನು ಪತ್ರದ ಜೊತೆ ಒಂದು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸು. ಸೋತ ತರಗತಿಯವರು ಕೇಳಿದರೆ ತೋರಿಸೋಕೆ ಪ್ರಿನ್ಸಿಪಾಲರ ಕೈಯಲ್ಲಿ ಅದೇ ಇರುತ್ತೆ.

ಈಗ ಪತ್ರ. ಒಂದೇ ಪುಟ, ಅದಕ್ಕಿಂತ ಜಾಸ್ತಿ ಬೇಡ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ದಿನಾಂಕ, ಹೆಸರುಗಳನ್ನು ನಿನ್ನ ಶಾಲೆಗೆ ತಕ್ಕ ಹಾಗೆ ತುಂಬಿಕೋ.

ಇವರಿಂದ,
ಕಾರ್ಯದರ್ಶಿ, ಇಕೋ ಕ್ಲಬ್
9ನೇ ತರಗತಿ

ಇವರಿಗೆ,
ಪ್ರಿನ್ಸಿಪಾಲರು

(ಇಕೋ ಕ್ಲಬ್‌ನ ಉಸ್ತುವಾರಿ ಶಿಕ್ಷಕರ ಮೂಲಕ)

ಮಾನ್ಯರೇ,

ವಿಷಯ: 6ರಿಂದ 9ನೇ ತರಗತಿಗಳ ನಡುವೆ ಹಬ್ಬದ ಅಲಂಕಾರ ಸ್ಪರ್ಧೆ ನಡೆಸಲು ಮೂರು ಪಿರಿಯಡ್‌ಗಳ ಅನುಮತಿ ಕೋರಿ.

ಹಬ್ಬದ ರಜೆಗೆ ಮುಂಚಿನ ವಾರ 6ರಿಂದ 9ನೇ ತರಗತಿಯ ಎಂಟು ವಿಭಾಗಗಳ ನಡುವೆ ಅಲಂಕಾರ ಸ್ಪರ್ಧೆ ನಡೆಸಲು ತಮ್ಮ ಅನುಮತಿ ಕೋರುತ್ತೇವೆ. ಪ್ರತಿ ವಿಭಾಗಕ್ಕೂ ತರಗತಿಯ ಒಳಗೆ 6 ಅಡಿ ಉದ್ದ, 4 ಅಡಿ ಎತ್ತರದ ಒಂದೇ ಅಳತೆಯ ಜಾಗ ಇರುತ್ತದೆ. ನೋಡಲು ಹೇಗಿದೆ ಎಂಬುದರ ಜೊತೆಗೆ, ಬಿಚ್ಚಿದ ಮೇಲೆ ಎಷ್ಟು ಕಸ ಉಳಿಯಿತು ಎಂಬುದಕ್ಕೂ ಅಂಕ ಇರುತ್ತದೆ. ಅಂಕ ಕೊಡುವ ರೀತಿಯನ್ನು ಲಗತ್ತಿಸಿದ ಹಾಳೆಯಲ್ಲಿ ಉದಾಹರಣೆಯೊಂದಿಗೆ ತೋರಿಸಿದ್ದೇವೆ.

ಬೇಕಾಗುವ ಸಮಯ ಒಟ್ಟು ಮೂರು ಪಿರಿಯಡ್. ಬುಧವಾರ ಕೊನೆಯ ಎರಡು ಪಿರಿಯಡ್ ಅಲಂಕಾರಕ್ಕೆ, ಶುಕ್ರವಾರ ಕೊನೆಯ ಪಿರಿಯಡ್ ಬಿಚ್ಚಿ ಅಳೆಯಲು. ಗುರುವಾರ ಊಟದ ವಿರಾಮದಲ್ಲಿ ತೀರ್ಪುಗಾರರು ನೋಡುತ್ತಾರೆ. ಆ ವಾರ ಪರೀಕ್ಷೆ ಇಲ್ಲ ಎಂಬುದನ್ನು ವೇಳಾಪಟ್ಟಿಯಲ್ಲಿ ನೋಡಿದ್ದೇವೆ.

ಮನೆಯಿಂದ ಕಚ್ಚಾ ವಸ್ತು ಮಾತ್ರ ತರಬಹುದು. ಮಾಡುವುದೆಲ್ಲ ಶಾಲೆಯಲ್ಲೇ. ಗ್ಲಿಟರ್, ಥರ್ಮಾಕೋಲ್, ಬಲೂನು, ಪ್ಲಾಸ್ಟಿಕ್ ಹೂವು, ಫ್ಲೆಕ್ಸ್ ಇವುಗಳಿಗೆ ಅವಕಾಶ ಇಲ್ಲ. ಉದುರಿದ ಎಲೆ, ಹೂವನ್ನು ಮಾತ್ರ ಬಳಸುತ್ತೇವೆ.

ನೆಲದ ಮೇಲೆ ನಿಂತು ಕೈಗೆ ಎಟುಕುವಷ್ಟು ಎತ್ತರಕ್ಕೆ ಮಾತ್ರ ಕಟ್ಟುತ್ತೇವೆ. ದೀಪ, ವಿದ್ಯುತ್ ಸರ ಇರುವುದಿಲ್ಲ. ಬಾಗಿಲು, ಸ್ವಿಚ್, ಬೆಂಕಿ ಆರಿಸುವ ಉಪಕರಣಗಳ ಹತ್ತಿರ ಏನೂ ಕಟ್ಟುವುದಿಲ್ಲ. ಗೋಡೆಗೆ ಹೊಸ ಮೊಳೆ ಹೊಡೆಯುವುದಿಲ್ಲ. ಮಾಸ್ಕಿಂಗ್ ಟೇಪನ್ನು ಎಂಟೂ ಕೋಣೆಗಳಲ್ಲಿ ಅಂಟಿಸಿ, ಒಂದು ದಿನ ಬಿಟ್ಟು ಕಿತ್ತು ನೋಡಿದ್ದೇವೆ. ಎರಡು ಕೋಣೆಗಳಲ್ಲಿ ಬಣ್ಣ ಬಂದಿತು. ಅಲ್ಲಿ ದಾರ ಮಾತ್ರ ಬಳಸುತ್ತೇವೆ.

ತೀರ್ಪುಗಾರರು ಮೂವರು: ಚಿತ್ರಕಲಾ ಶಿಕ್ಷಕರು, ವಿಜ್ಞಾನ ಶಿಕ್ಷಕರು ಮತ್ತು ಸ್ವಚ್ಛತಾ ಸಿಬ್ಬಂದಿಯಲ್ಲಿ ಒಬ್ಬರು. ಮೂವರನ್ನೂ ಕೇಳಿದ್ದೇವೆ, ಒಪ್ಪಿದ್ದಾರೆ. ಶುಕ್ರವಾರ ಶಾಲೆ ಬಿಡುವ ಮುಂಚೆ ಗೋಡೆ, ನೆಲ ಎರಡನ್ನೂ ಆಯಾ ತರಗತಿಯವರೇ ಸ್ವಚ್ಛ ಮಾಡಿ, ತರಗತಿ ಶಿಕ್ಷಕರಿಗೆ ತೋರಿಸುತ್ತಾರೆ.

ಶಾಲೆಯಿಂದ ಹಣ ಬೇಕಾಗಿಲ್ಲ. ಒಂದು ಬಕೆಟ್, ಮರುಬಳಕೆಯ ಕಾಗದ ಇಡಲು ಒಂದು ಮೂಲೆ, ಎಲ್ಲ ತರಗತಿಗಳಿಗೆ ಓದಲು ಒಂದು ಸುತ್ತೋಲೆ ಬೇಕು. ಸುತ್ತೋಲೆಯ ಕರಡನ್ನು ಲಗತ್ತಿಸಿದ್ದೇವೆ.

ಎಂಟೂ ವಿಭಾಗ ಒಟ್ಟಿಗೆ ಬೇಡ ಎನಿಸಿದರೆ, ಈ ಸಲ 8ನೇ ತರಗತಿಯ ಎರಡು ವಿಭಾಗಗಳಲ್ಲಿ ಮಾತ್ರ ನಡೆಸಲು ಅನುಮತಿ ಕೊಡಬೇಕೆಂದು ಕೋರುತ್ತೇವೆ.

ವಂದನೆಗಳೊಂದಿಗೆ,
ತಮ್ಮ ವಿಧೇಯ ವಿದ್ಯಾರ್ಥಿ
(ಸಹಿ)

ಪತ್ರ ಇಷ್ಟೇ. ಕೆಲವು ಮಾತು ಯಾಕೆ ಹೀಗಿದೆ ಅಂತ ಹೇಳುತ್ತೇನೆ.

ವಿಷಯದ ಸಾಲಿನಲ್ಲಿ ‘ಪರಿಸರ ಸಂರಕ್ಷಣೆಯ ಬಗ್ಗೆ’ ಅಂತ ಬರೆಯಲಿಲ್ಲ ನೋಡು. ಏನು ಬೇಕು, ಎಷ್ಟು ಬೇಕು ಅನ್ನೋದು ಅಲ್ಲೇ ಇದೆ. ಬೆಳಿಗ್ಗೆ ಹತ್ತಾರು ಕಾಗದ ನೋಡುವವರು ಮೊದಲು ಓದೋದು ಆ ಸಾಲನ್ನೇ. ಕೆಲವು ಸಲ ಅದನ್ನು ಮಾತ್ರ.

‘ನೋಡಿದ್ದೇವೆ’, ‘ಕೇಳಿದ್ದೇವೆ’, ‘ಲಗತ್ತಿಸಿದ್ದೇವೆ’ ಅನ್ನುವ ಮಾತುಗಳೇ ಈ ಪತ್ರದ ಬಲ. ಆದರೆ ಅವು ನಿಜವಾಗಿರಬೇಕು. ಟೇಪ್ ಪರೀಕ್ಷೆ ಮಾಡದೆ ಮಾಡಿದ್ದೇವೆ ಅಂತ ಬರೆದರೆ, ‘ಯಾವ ಎರಡು ಕೋಣೆ?’ ಅಂತ ಕೇಳಿದಾಗ ಸಿಕ್ಕಿಬೀಳುತ್ತೀಯ. ನಾನಾಗಿದ್ದರೆ ಖಂಡಿತ ಕೇಳುತ್ತಿದ್ದೆ.

‘ಮಾಡುವುದೆಲ್ಲ ಶಾಲೆಯಲ್ಲೇ’ ಅನ್ನೋ ಸಾಲು ಚಿಕ್ಕದು, ಆದರೆ ಅದಿಲ್ಲದಿದ್ದರೆ ಸ್ಪರ್ಧೆ ಅಮ್ಮಂದಿರ ನಡುವೆ ನಡೆಯುತ್ತೆ. ಮಂಗಳವಾರ ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಹೂವು ಕತ್ತರಿಸುತ್ತಾ ಕೂತವರು ಯಾರು ಅಂತ ಬುಧವಾರ ತರಗತಿಯಲ್ಲಿ ನೋಡಿದ ತಕ್ಷಣ ಗೊತ್ತಾಗುತ್ತೆ. ಎರಡು ಪಿರಿಯಡ್ ಅಂದರೆ ಸುಮಾರು 80 ನಿಮಿಷ. ಇಡೀ ತರಗತಿಗೆ ಕೆಲಸ ಹಂಚಿದರೆ 24 ಚದರ ಅಡಿಗೆ ಧಾರಾಳವಾಗಿ ಸಾಕು. ಅಂಟು ಒಣಗಲು ಕಾಯುವಷ್ಟು ಹೊತ್ತು ಮಾತ್ರ ಇರೋಲ್ಲ. ಅದೂ ಒಳ್ಳೆಯದೇ, ದಾರಕ್ಕೆ ಬರುತ್ತಾರೆ. ಅಂಟು ಬೇಕೇ ಬೇಕು ಅನ್ನುವವರಿಗೆ ಮೈದಾ ಅಂಟು ಸಾಕು. ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ ಮೂರು ಲೋಟ ನೀರಿಗೆ ಸುರಿದು, ಮಂದವಾಗುವವರೆಗೆ ತಿರುವುತ್ತಾ ಇರಬೇಕು. ದೊಡ್ಡವರೊಬ್ಬರು ಮನೆಯಲ್ಲಿ ಮಾಡಿ ಕಳಿಸಲಿ. ಎರಡು ದಿನಕ್ಕಿಂತ ಇಡಬೇಡಿ, ಹುಳಿ ವಾಸನೆ ಬರುತ್ತೆ, ಇರುವೆಯೂ ಬರುತ್ತೆ.

ಕೊನೆಯಲ್ಲಿ ಇರುವ ‘8ನೇ ತರಗತಿ ಮಾತ್ರ’ ಅನ್ನುವ ಸಾಲನ್ನು ತೆಗೆಯಬೇಡ. ಪೂರ್ತಿ ಒಪ್ಪೋಕೆ ಹಿಂಜರಿಯುವವರಿಗೆ ‘ಯೋಚಿಸೋಣ’ ಬಿಟ್ಟು ಇನ್ನೊಂದು ಉತ್ತರ ಕೊಡುವ ಅವಕಾಶ ಅದು. ಎರಡು ವಿಭಾಗದಲ್ಲಿ ನಡೆಸಿದರೂ ನಿಮಗೆ ಬಕೆಟ್‌ನ ಲೆಕ್ಕ ಸಿಗುತ್ತೆ, ಮುಂದಿನ ಸಲದ ಪತ್ರದಲ್ಲಿ ಹಾಕೋಕೆ ನಿಜವಾದ ಅಂಕಿ ಇರುತ್ತೆ.

ಬಹುಮಾನದ ಮಾತನ್ನು ನಾನು ಬೇಕೆಂದೇ ಪತ್ರದಲ್ಲಿ ಹಾಕಿಲ್ಲ. ಕೇಳಿದರೆ ಹೇಳು: ಒಂದು ಮರದ ಹಲಗೆ, ಅದರ ಮೇಲೆ ಗೆದ್ದ ತರಗತಿಯ ಹೆಸರು, ವರ್ಷ. ಅದು ಆ ವರ್ಷ ಅವರ ಕೋಣೆಯಲ್ಲಿರುತ್ತೆ, ಮುಂದಿನ ವರ್ಷ ಗೆದ್ದವರ ಕೋಣೆಗೆ ಹೋಗುತ್ತೆ. ಪ್ಲಾಸ್ಟಿಕ್ ಕಪ್ಪು ಕೊಟ್ಟರೆ ಮಕ್ಕಳೇ ನಗುತ್ತಾರೆ.

ಇನ್ನು ಕೊಡುವ ರೀತಿ. ಕಾರಿಡಾರಿನಲ್ಲಿ ಹಿಂದೆ ಓಡಿಹೋಗಿ ಕೈಗೆ ತುರುಕಬೇಡ. ಮೊದಲು ಉಸ್ತುವಾರಿ ಶಿಕ್ಷಕರಿಗೆ ತೋರಿಸಿ ಅವರ ಸಹಿ ಹಾಕಿಸು, ಆಮೇಲೆ ಆಫೀಸಿನಲ್ಲಿ ಕೊಡು. ಸ್ಪರ್ಧೆಗೆ ಮೂರು ವಾರ ಮುಂಚೆ ಕೊಟ್ಟರೆ ಸರಿ. ಒಂದು ವಾರ ಅವರು ಓದಿ ತೀರ್ಮಾನಿಸೋಕೆ, ಒಂದು ವಾರ ಸುತ್ತೋಲೆ ಎಲ್ಲ ತರಗತಿ ತಲುಪೋಕೆ, ಒಂದು ವಾರ ಎಲೆ ಒಣಗಿಸಿ ಹಳೇ ಸಾಮಾನು ಕೂಡಿಹಾಕೋಕೆ. ಐದು ದಿನವಾದರೂ ಉತ್ತರ ಬರದಿದ್ದರೆ ಮತ್ತೆ ಹೋಗಿ ‘ಯೋಚಿಸಿದ್ರಾ ಸರ್’ ಅಂತ ಕೇಳಬೇಡ. ‘ಸುತ್ತೋಲೆಯ ಕರಡಿನಲ್ಲಿ ಏನಾದ್ರೂ ಬದಲಾಯಿಸಬೇಕಾ ಸರ್’ ಅಂತ ಕೇಳು. ಒಪ್ಪಿದರು ಅಂದರೆ ಬಾಯಿಮಾತಿಗೆ ನಿಲ್ಲಬೇಡ, ಪತ್ರದ ಅಂಚಿನಲ್ಲೇ ಸಹಿ, ದಿನಾಂಕ ಹಾಕಿಸಿಕೊಂಡು ಅದರ ಒಂದು ಪ್ರತಿ ಇಟ್ಟುಕೋ. ಬುಧವಾರ ಕೊನೆಯ ಎರಡು ಪಿರಿಯಡ್ ಯಾವ ಮೇಷ್ಟರದ್ದಿರುತ್ತೋ ಅವರು ಖಂಡಿತ ಅದನ್ನು ಕೇಳುತ್ತಾರೆ.